ವಿಷಯ: ಆರ್ಟಿಕಲ್, ಕೇಸ್ ತಪ್ಪುಗಳನ್ನು ನಾನೇ ಹಿಡಿಯುವುದು ಹೇಗೆ?

ನಮಸ್ಕಾರ ಮೇಡಂ,

ನೀವು ತಿದ್ದಿ ಕಳಿಸಿದ ನನ್ನ ಜರ್ಮನ್ ಪತ್ರ ನೋಡಿದೆ. ಹದಿನಾಲ್ಕು ತಪ್ಪುಗಳಲ್ಲಿ ಹನ್ನೊಂದು ಆರ್ಟಿಕಲ್ ಮತ್ತು ಕೇಸ್‌ನವೇ! ಪರೀಕ್ಷೆಯಲ್ಲಿ ನೀವು ಪಕ್ಕದಲ್ಲಿ ಇರುವುದಿಲ್ಲ, ಅಲ್ವಾ? ಅದಕ್ಕೇ ಈ ಮೇಲ್.

ಈಗ ನಾನು ಬರೆದು ಮುಗಿಸಿದ ಮೇಲೆ ಪ್ರತಿ ನಾಮಪದಕ್ಕೂ ಗೆರೆ ಎಳೆಯುತ್ತೇನೆ. ಮೊದಲು ಲಿಂಗ, ಆಮೇಲೆ ಕೇಸ್. 'ಉಂಗ್', 'ಹೈಟ್', 'ಕೈಟ್' ಎಂದು ಮುಗಿದರೆ 'ಡೀ' ಅಂತ ಗೊತ್ತು. ಉಳಿದವಕ್ಕೆ ಡಿಕ್ಷನರಿಯೇ ಗತಿ. 'ಮಿಟ್' ಬಂದರೆ ಡೇಟಿವ್, 'ಫ್ಯೂರ್' ಬಂದರೆ ಅಕ್ಯುಸೇಟಿವ್, ಅಷ್ಟೂ ಸರಿ.

ಕಷ್ಟ ಇರುವುದು ಕ್ರಿಯಾಪದದಲ್ಲಿ. ನಾನು ಕನ್ನಡದ 'ಗೆ' ಮತ್ತು 'ಅನ್ನು' ನೋಡಿ ಊಹಿಸುತ್ತೇನೆ. 'ಗೆಳೆಯನಿಗೆ ಸಹಾಯ ಮಾಡು' ಅಂದಾಗ 'ಹೆಲ್ಫನ್' ಜೊತೆ 'ಡೇಮ್ ಫ್ರಾಯ್ಂಡ್' ಸರಿಯಾಗಿ ಬಂತು. 'ಗೆಳೆಯನಿಗೆ ಫೋನ್ ಮಾಡು' ಅಂದಾಗಲೂ ಅದನ್ನೇ ಬರೆದೆ. ಆದರೆ 'ಆನ್‌ರೂಫನ್' ಕೇಳುವುದು ಅಕ್ಯುಸೇಟಿವ್, 'ಡೇನ್ ಫ್ರಾಯ್ಂಡ್'. ಈ ಊಹೆ ಬಿಟ್ಟುಬಿಡಲೇ, ಅಥವಾ ಹೊಂದದ ಕ್ರಿಯಾಪದಗಳನ್ನು ಮಾತ್ರ ಬೇರೆ ಪಟ್ಟಿ ಮಾಡಲೇ?

ಇನ್ನೊಂದು, 'ಇನ್' ಮತ್ತು 'ಔಫ್'. 'ಎಲ್ಲಿಗೆ', 'ಎಲ್ಲಿ' ಎಂದು ಕೇಳಿಕೊಂಡರೆ ಸರಿಹೋಗುತ್ತದೆ. ಆದರೆ ಬರೆಯುವ ಭರದಲ್ಲಿ ಕೇಳಿಕೊಳ್ಳುವುದೇ ಮರೆಯುತ್ತದೆ. ಅನುಮಾನ ಬಂದದ್ದನ್ನು ಹುಡುಕಬಹುದು. ಅನುಮಾನವೇ ಬರದ ತಪ್ಪನ್ನು ಹೇಗೆ ಹಿಡಿಯಲಿ?

ಮುಂದಿನ ಸಲ ತಪ್ಪಿದ ಕಡೆ ಸುಮ್ನೆ ಗೆರೆ ಎಳೆದು ಕಳಿಸುತ್ತೀರಾ? ಸರಿ ಉತ್ತರ ಬರೆಯಬೇಡಿ. ನಾನೇ ಒದ್ದಾಡುತ್ತೇನೆ.

ಇಂತಿ,
ಸುಮಾ