ನಮ್ಮ ಹಾಡಿನಾಗಿನ ಹಳೇ ಮಾತು, ಅರ್ಥ ಸಮೇತ

ಹೋದ ವಾರ ಧಾರವಾಡದಾಗ ಹಾಡಿ ಕೆಳಗ ಇಳದ ಮ್ಯಾಲ ಮೂರು ಮಂದಿ ಬಂದು 'ಕೂರ್ಮೆ ಅಂದ್ರ ಆಮಿ ಏನ್ರಿ?' ಅಂತ ಕೇಳಿದ್ರು, ಅದಕ್ಕ ಈ ಸಲ ಹುಬ್ಬಳ್ಳಿ ಪ್ರೋಗ್ರಾಮಿಗೆ ಚೀಟಿ ಮಾಡಿ ಹಂಚಾಕತ್ತೇವಿ. ಪಲ್ಲವಿ ಇದು:

ತೆಂಕಣ ಎಲರು ತೀಡಿ ಬಂತು
ನೇಸರ ಬಿಸುಪು ಆರಿತು
ಕೂರ್ಮೆಯ ಒಸಗೆ ಹೊತ್ತು ತುಂಬಿ
ಪೊಳಲ ಬಾಗಿಲ ತಟ್ಟಿತು

ಕೂರ್ಮೆ: ಪ್ರೀತಿ. ಆಮಿ ಅಲ್ರೀ, ಅದು ಸಂಸ್ಕೃತದ ಕೂರ್ಮ. ಇದು ಅಚ್ಚ ಕನ್ನಡದ 'ಕೂರ್' ಅನ್ನೂದರಿಂದ ಬಂದದ್ದು, ಕೂರ್ ಅಂದ್ರ ಪ್ರೀತಿ ಮಾಡು. ಹಳೇ ಕಾವ್ಯದಾಗ 'ಕೂರ್ತು' ಅಂತ ಬಂದ್ರ ಪ್ರೀತಿಯಿಂದ ಅಂತ ತಿಳೀರಿ, 'ಕೂತು' ಅಲ್ಲ.

ಒಸಗೆ: ಖುಷಿ ಸುದ್ದಿ, ಸಂಭ್ರಮ. ನಮ್ಮ ಕಡೆ ಹಿರೇರು ಪ್ರಸ್ತಕ್ಕ 'ಒಸಗಿ' ಅಂತಾರ, ಹಂಗಾಗಿ ಈ ಸಾಲು ಬಂದ ಕೂಡಲೇ ಅಜ್ಜಿಗೋಳು ಸೆರಗು ಬಾಯಿಗೆ ಹಿಡಕೊಂಡು ನಗ್ತಾರ. ನಗಲಿ ಬಿಡ್ರಿ, ಅರ್ಥ ಭಾಳ ದೂರ ಏನಿಲ್ಲ.

ತುಂಬಿ: ದುಂಬಿ. ಇಲ್ಲೇ ದೊಡ್ಡ ಗೊಂದಲ. 'ಹೊತ್ತು ತುಂಬಿ' ಅಂತ ಕೂಡಿಸಿ ಹಾಡಿದ್ರ ಟೈಮ್ ಮುಗದು ಯಾರೋ ಹೋದ್ರು ಅಂದಂಗ ಕೇಳತೈತಿ, ಪ್ರೇಮಗೀತಿ ಶೋಕಗೀತಿ ಆಗಿಬಿಡತೈತಿ. ಒಸಗೆಯನ್ನ ಹೊತಗೊಂಡು ದುಂಬಿ ಬಂತು ಅಂತ ಅರ್ಥ, ಅದಕ್ಕ ಈಗ 'ಹೊತ್ತು' ಆದ ಮ್ಯಾಲ ಉಸಿರು ಬಿಟ್ಟು ಹಾಡ್ತೇವಿ.

ಪೊಳಲು: ಊರು, ಪಟ್ಟಣ. ಪಟ್ಟದಕಲ್ಲಿಗೆ ಮೊದಲು ಕಿಸುವೊಳಲು ಅಂತಿದ್ರು, ಕಿಸು ಅಂದ್ರ ಕೆಂಪು, ಅಲ್ಲಿ ಕಲ್ಲು ನೋಡಿದವರಿಗೆ ಬಿಡಿಸಿ ಹೇಳೂದು ಬ್ಯಾಡ. 9ನೇ ಶತಮಾನದ ಕವಿರಾಜಮಾರ್ಗದಾಗ ಕನ್ನಡದ ತಿರುಳು ಎಲ್ಲಿ ಐತಿ ಅನ್ನೂವಾಗ ಕಿಸುವೊಳಲಿನ ಜೋಡಿ ಪುಲಿಗೆರೆ ಹೆಸರೂ ಬರತೈತಿ, ಪುಲಿಗೆರೆ ಅಂದ್ರ ನಮ್ಮ ಗದಗ ಜಿಲ್ಲಾದ ಲಕ್ಷ್ಮೇಶ್ವರ! ಆಮ್ಯಾಲ ಪಾಲು ಹಾಲು ಆದಂಗ ಪೊಳಲೂ ಹೊಳಲು ಆತು. ಹಂಗಾದ್ರ ಹೊಳಲು ಅಂತನ ಹಾಡೂಣು ಅಂತ ನಮ್ಮ ತಬಲಾದಂವ ಜಗಳ ತಗದಿದ್ದ, ಆದ್ರ 'ಪೊಳಲ ಬಾಗಿಲ' ಅನ್ನೂವಾಗ ತುಟಿ ಎರಡು ಸಲ ಕೂಡತಾವಲ್ಲ, ಬಾಗಲಾ ಬಡದಂಗ, ಅದು ಹ-ಕಾರದಾಗ ಸಿಗೂದಿಲ್ಲ.

ತೆಂಕಣ: ದಕ್ಷಿಣದ. ಮೂಡಣ, ಪಡುವಣ ಎಲ್ಲಾರಿಗೂ ಗೊತ್ತು, ಇದನ್ನ ಮಾತ್ರ ತೆಂಗಿನಕಾಯಿಗೆ ಗಂಟ ಹಾಕ್ತಾರ. ತೆಂಕಣ ಗಾಳಿ ಸೋಂಕಿದ್ರ ಬನವಾಸಿ ನೆನಪಾಗತೈತಿ ಅಂತ ಪಂಪ ಬರದ ಮ್ಯಾಲ ಪ್ರೀತಿ ಹಾಡಿಗೆ ಬ್ಯಾರೆ ದಿಕ್ಕಿನ ಗಾಳಿ ತರಾಕ ನಮಗ ಧೈರ್ಯ ಆಗಲಿಲ್ಲ.

ಎಲರು: ಗಾಳಿ. ನೇಸರ: ಸೂರ್ಯನ. ಬಿಸುಪು: ಬಿಸಿ, ಕಾವು.

ತೀಡಿ: ಗಾಳಿ ಮೆಲ್ಲಕ ಬೀಸಿ. ಹುಬ್ಬು ತೀಡೂದು ಅಂತೀವಲ್ಲ, ಅದರಾಗಿರೋ ಆ ನಾಜೂಕ ಸವರೂದು ಇಲ್ಲೂ ಐತಿ, ಅದಕ್ಕ ಈ ಶಬ್ದ ಬಂದಾಗ ಕೊಳಲಿನಾಂವ ದನಿ ಸಣ್ಣ ಮಾಡ್ತಾನ, ಕೇಳ್ರಿ.