ಹುಳದ ಮನೆ ಸದ್ದು

ಕಾಲೇಜಲ್ಲಿ ಮೊದಲನೇ ವಿಡಿಯೋ ಪ್ರಾಜೆಕ್ಟ್ ಅಂತ ಕೊಟ್ಟಾಗ ನಂಗೆ ಬೇರೆ ಯಾರೂ ನೆನಪಾಗ್ಲೇ ಇಲ್ಲ, ಅಜ್ಜಿನೇ. ಮೂರು ನಿಮಿಷ, ಒಬ್ಬರು, ಅವರು ಮಾಡೋ ಕೆಲಸ, ಅಷ್ಟೇ. ಶಿಡ್ಲಘಟ್ಟದ ಹತ್ರ ನಮ್ಮೂರು, ಮನೆ ಹಿಂದೆನೇ ಹುಳದ ಮನೆ, ಮದುವೆಯಾಗಿ ಬಂದಾಗಿಂದ ಅಜ್ಜಿ ರೇಷ್ಮೆ ಹುಳ ಸಾಕ್ತಾನೇ ಇದಾಳೆ.

ನಾನು ಹೋದಾಗ ಹುಳ ನಾಲ್ಕನೇ ಜ್ವರ ಎದ್ದು ಮೂರು ದಿನ ಆಗಿತ್ತು. ಹುಳ ತಿನ್ನೋದು ಬಿಟ್ಟು ಪೊರೆ ಕಳಚೋದಕ್ಕೆ ನಮ್ ಕಡೆ ಜ್ವರ ಅಂತಾರೆ. ಬಾಗಿಲಲ್ಲಿ ಬ್ಲೀಚಿಂಗ್ ನೀರಲ್ಲಿ ಕಾಲು ತೊಳೆಸಿದ್ಲು, ಟ್ರೈಪಾಡ್ ಕಾಲನ್ನೂ ಬಿಡ್ಲಿಲ್ಲ. "ಹೊರಗಿಂದು ಏನೂ ಒಳಗೆ ಬರಬಾರ್ದು ಮಗಾ" ಅಂತ ಹತ್ತು ಸಲ ಅಂದ್ಲು. ಮದುವೆ ಮನೆಗೆ ಉಡೋ ಸೀರೆ ಉಟ್ಕೊಂಡಿದ್ಲು, ನಾನು ಬೇಡ ಅನ್ಲಿಲ್ಲ.

ಸೆರಗಿಗೆ ಕಾಲರ್ ಮೈಕ್ ಸಿಕ್ಕಿಸಿ, ಇಯರ್‌ಫೋನ್ ಹಾಕೊಂಡು ಕೂತೆ. ಬರೀ ಬಳೆ ಸದ್ದು. ಕೈ ಮಡಿಲಲ್ಲಿ ಇಟ್ಕೊಂಡು ಸುಮ್ನೆ ಕೂತಿದಾಳೆ, ಆದ್ರೂ ಗಾಜಿನ ಬಳೆ ಒಂದಕ್ಕೊಂದು ತಾಗಿ ಕಿಣಿಕಿಣಿ ಅಂತಾನೇ ಇದೆ. ಕೈ ಅಷ್ಟು ನಡುಗ್ತಿತ್ತು. ನಂಗೆ ಅಲ್ಲೇ ನಿಲ್ಲಿಸಿಬಿಡೋಣ ಅನ್ನಿಸ್ತು.

"ನಮಸ್ಕಾರ. ನಾವು ಕೋಲಾರ ಜಿಲ್ಲೆಯ ರೈತರು" ಅಂತ ರೇಡಿಯೋದವರ ಥರ ಶುರು ಮಾಡಿದ್ಲು. ನಾನು ಬಾಯಿ ಮುಚ್ಕೊಂಡಿರ್ಬೇಕಿತ್ತು, "ಅಜ್ಜಿ, 2007ರಲ್ಲೇ ಚಿಕ್ಕಬಳ್ಳಾಪುರ ಜಿಲ್ಲೆ ಆಯ್ತಲ್ಲ" ಅಂದ್ಬಿಟ್ಟೆ. ಅಷ್ಟೇ. ಆಮೇಲೆ ಒಂದು ಮಾತು ನೆಟ್ಟಗೆ ಬರ್ಲಿಲ್ಲ. ಹುಳದ ಜ್ವರ ಎಷ್ಟು ಅಂತ ಕೇಳಿದ್ರೆ ಮೂರು ಅಂದ್ಲು, ಆಮೇಲೆ ಐದು ಅಂದ್ಲು. ನಾಲ್ಕು ಅಂತ ಊರಿನ ಮಕ್ಕಳಿಗೂ ಗೊತ್ತು. ಏಳನೇ ಟೇಕ್ ಹೊತ್ತಿಗೆ ಕಣ್ಣಲ್ಲಿ ನೀರು, "ನಿನ್ ಮಾರ್ಕ್ಸು ನನ್ನಿಂದ ಹೋಗ್ತದೆ ಕಣಪ್ಪಾ, ನಿಮ್ಮಮ್ಮನ್ನ ಕೂರಿಸ್ಕೋ."

ಆಯ್ತು ಬಿಡು ಅಂದೆ. ಒಂದೇ ಒಂದು ಕೆಲಸ ಉಳಿದಿತ್ತು. ಎಡಿಟ್ ಮಾಡುವಾಗ ಮಾತಿನ ಮಧ್ಯೆ ಕಟ್ ಆದ ಜಾಗ ತುಂಬ್ಸೋಕೆ ಆ ರೂಮಿನ ಬರೀ ಸದ್ದು ಒಂದು ನಿಮಿಷ ಬೇಕು, ಯಾರೂ ಮಾತಾಡಬಾರ್ದು. "ಅಜ್ಜಿ, ಈಗ ನಿನ್ನ ತೆಗೀತಾ ಇಲ್ಲ, ಹುಳದ ಸದ್ದು ಮಾತ್ರ, ಸುಮ್ನೆ ಕೂತಿರು ಸಾಕು." ಕ್ಯಾಮೆರಾ ಆಫ್ ಮಾಡೋದು ಮರ್ತಿದ್ದೆ.

ಇಯರ್‌ಫೋನಲ್ಲಿ ಮಳೆ. ಹೆಂಚಿನ ಮೇಲೆ ಸಣ್ಣಗೆ ಹಿಡಿದು ಹುಯ್ಯೋ ಮಳೆ ಥರ, ಸಾವಿರಾರು ಹುಳ ಹಿಪ್ಪುನೇರಳೆ ಸೊಪ್ಪು ತಿಂತಾ ಇರೋದು. ಸ್ವಲ್ಪ ಹೊತ್ತಿಗೆ ಗಮನಿಸಿದೆ, ಬಳೆ ಸದ್ದು ನಿಂತೋಗಿದೆ. ಅಜ್ಜಿ ತಲೆ ಒಂದು ಕಡೆ ವಾಲಿಸ್ಕೊಂಡು, ಕಣ್ಣು ಮುಚ್ಕೊಂಡು ಕೇಳ್ತಿದ್ಲು.

"ಆ ಮೂಲೆ ಇಳಿದೋಗೈತೆ" ಅಂದ್ಲು.

ಎದ್ದು ಹೋಗಿ, ಮೈಕ್ ಸೆರಗಲ್ಲಿರೋದೂ ಮರ್ತು, ಕೆಳಗಿನ ಸ್ಟ್ಯಾಂಡಿಗೆ ಎರಡು ಕಂತೆ ಕಡ್ಡಿಸೊಪ್ಪು ಹರವಿದ್ಲು. ಹರವ್ತಾ ಹರವ್ತಾ ಹೇಳಿದ್ಲು, ನನಗಲ್ಲ, ಹುಳಕ್ಕೂ ಅಲ್ಲ. "ನಿಮ್ ತಾತ ಇಲ್ಲೇ ಚಾಪೆ ಹಾಕೊಂಡು ಮಲಗ್ತಿದ್ರು. ಒಂದ್ ಚಳಿಗಾಲ, ನಡುರಾತ್ರಿ ಎದ್ದು ಕೂತ್ರು. ಸದ್ದು ಇಳಿದೈತೆ ಕಣೇ ಅಂದ್ರು. ನಾನು, ಸುಮ್ನೆ ಮಲ್ಕೊಳ್ಳಿ ಅಂದೆ. ಬೆಳಗಾಗಿ ನೋಡಿದ್ರೆ ಸುಣ್ಣಕಟ್ಟು ರೋಗ. ಎರಡು ಮೂರು ದಿನದಲ್ಲಿ ಹುಳ ಸೀಮೆಸುಣ್ಣದ ಥರ ಬೆಳ್ಳಗೆ ಸೆಟ್ಕೊಂಡ್ವು. 100 ಚಿಟ್ಟೆ ಇಟ್ಟ ಮೊಟ್ಟೆಯ ಹುಳ ಪೂರ್ತಿ, ಗುಂಡಿ ತೋಡಿ ಮುಚ್ಚಿದ್ವಿ. ಅವರು ಒಂದ್ ಮಾತು ಅನ್ಲಿಲ್ಲ ನಂಗೆ. ಆವತ್ತಿಂದ ನಾನೇ ಕೇಳ್ತೀನಿ."

ಈ ಕಥೆ ನಮ್ಮಪ್ಪಂಗೂ ಗೊತ್ತಿರ್ಲಿಲ್ಲ. ಪ್ರಾಜೆಕ್ಟಿಗೆ ಅದನ್ನೇ ಹಾಕ್ದೆ, ಒಂದು ಕಟ್ಟೂ ಇಲ್ದೆ, ಫ್ರೇಮಲ್ಲಿ ಅವಳ ಬೆನ್ನು ಮಾತ್ರ ಕಾಣ್ಸತ್ತೆ. ಹಾಕೋ ಮುಂಚೆ ಅವಳಿಗೆ ತೋರಿಸಿ ಕೇಳ್ದೆ, ಹಾಕ್ಲಾ ಬೇಡ್ವಾ ಅಂತ. ತುಂಬಾ ಹೊತ್ತು ಸುಮ್ನಿದ್ದು, "ತಾತನ ಹೆಸರು ಎಲ್ಲಾದ್ರೂ ಬರಿ" ಅಂದ್ಲು. ಕೊನೇಲಿ ಬರ್ದಿದೀನಿ.

ಮುಂದಿನ ಸಲ ಊರಿಗೆ ಹೋದಾಗ ಹುಳ ಚಂದ್ರಿಕೆ ತಟ್ಟೆ ಹತ್ತಿ ಗೂಡು ಕಟ್ಟಿ, ಗೂಡು ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋಗಿ ಆಗಿತ್ತು. ಹುಳದ ಮನೆ ತೊಳೆದು ಬಾಗಿಲು ತೆರೆದು ಒಣಗೋಕೆ ಬಿಟ್ಟಿದ್ರು. ರಾತ್ರಿ ಹನ್ನೊಂದಾದ್ರೂ ಅಜ್ಜಿ ಹೊರಳ್ತಾನೇ ಇದ್ಲು.

"ಲೋ, ಎಚ್ಚರ ಐತಾ?"

"ಹೂಂ ಅಜ್ಜಿ."

"ಆ ಸದ್ದು ಫೋನಲ್ಲಿ ಇನ್ನೂ ಐತಾ? ನನ್ ಮಾತು ಬೇಡ. ಅದಕ್ಕೂ ಮುಂಚಿಂದು."

ಹಾಕಿ ಫೋನ್ ಅವಳ ದಿಂಬಿನ ಪಕ್ಕ ಇಟ್ಟೆ. ನಲವತ್ತು ಸೆಕೆಂಡು ಇತ್ತು ಅಷ್ಟೇ, ಮುಗಿದಾಗ ಮತ್ತೆ ಹಾಕ್ದೆ. ಮೂರನೇ ಸಲ ಹಾಕುವಾಗ ಅಜ್ಜಿ ನಿದ್ದೆಗಣ್ಣಲ್ಲೇ, "ಆ ಮೂಲೆಗೆ ಸೊಪ್ಪು ಹಾಕೋ" ಅಂದ್ಲು.

"ಹಾಕಿದೀನಿ ಅಜ್ಜಿ, ಮಲ್ಕೋ" ಅಂದೆ.