ದುರಸ್ತಿ ಬಾಕಿ ಪಾವತಿಯಾಗುವವರೆಗೆ ಕಾರನ್ನು ಇಟ್ಟುಕೊಂಡಿರುವ ಕುರಿತು ನೋಟಿಸಿಗೆ ಉತ್ತರ

ಸ್ಥಳ: ಕುಮಟಾ
ದಿನಾಂಕ: 15-9-2025
ಸ್ಪೀಡ್ ಪೋಸ್ಟ್ ಮೂಲಕ

ಇವರಿಗೆ: ಕೆಎ-30 ನೋಂದಣಿಯ ಬಿಳಿ ಬಣ್ಣದ ಡೀಸೆಲ್ ಕಾರಿನ ಮಾಲಕರು

ವಿಷಯ: ತಮ್ಮ 6-9-2025ರ ನೋಟಿಸಿಗೆ ಉತ್ತರ.

ಮಾನ್ಯರೇ,

ತಾವು ಕಳುಹಿಸಿದ ನೋಟಿಸ್ 10-9-2025ರಂದು ನನ್ನ ಕೈಸೇರಿದೆ. ನಾನು ತಮ್ಮ ಕಾರನ್ನು ಅಕ್ರಮವಾಗಿ ಹಿಡಿದಿಟ್ಟಿದ್ದೇನೆ, ಒಪ್ಪಿಗೆಯಿಲ್ಲದೆ ಬಿಲ್ಲು ಏರಿಸಿದ್ದೇನೆ, ಕಾರನ್ನು ಸ್ವಂತಕ್ಕೆ ಬಳಸಿದ್ದೇನೆ, ಏಳು ದಿನದೊಳಗೆ ಬಿಡದಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 316ರ ಪ್ರಕಾರ ನಂಬಿಕೆ ದ್ರೋಹದ ದೂರು ಕೊಡುತ್ತೇನೆ ಎಂದು ತಾವು ಬರೆದಿದ್ದೀರಿ. ಈ ಮಾತುಗಳನ್ನು ನಾನು ಒಪ್ಪುವುದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಇದೇ ಊರಿನಲ್ಲಿ ಗ್ಯಾರೇಜು ನಡೆಸಿಕೊಂಡು ಬಂದಿರುವ ನನಗೆ ದ್ರೋಹ ಎಂಬ ಶಬ್ದ ಬಹಳ ನೋವು ತಂದಿದೆ. ಆದ್ದರಿಂದ ನಡೆದದ್ದನ್ನು ತಾರೀಖು ಸಹಿತ ಬರೆಯುತ್ತಿದ್ದೇನೆ.

18-7-2025ರ ರಾತ್ರಿ ಅಘನಾಶಿನಿ ಹೊಳೆಯಂಚಿನ ಒಳರಸ್ತೆಯಲ್ಲಿ ನಿಂತಿದ್ದ ಮಳೆನೀರಿಗೆ ತಾವು ಕಾರು ಇಳಿಸಿದಾಗ ಎಂಜಿನ್ ಬಂದಾಯಿತೆಂದು ಫೋನ್ ಮಾಡಿದಿರಿ. ಅದೇ ರಾತ್ರಿ ಕ್ರೇನ್ ಗೊತ್ತುಮಾಡಿ ಕಾರನ್ನು ತರಿಸಿ, ಬಾಡಿಗೆ 4,000 ರೂಪಾಯಿಯನ್ನು ನಾನೇ ಕೊಟ್ಟೆ. ಬಂದಾದ ಮೇಲೂ ಎರಡು ಮೂರು ಸಲ ಸ್ಟಾರ್ಟ್ ಮಾಡಿ ನೋಡಿದ್ದಾಗಿ ತಾವೇ ಹೇಳಿದ್ದು ಜಾಬ್ ಕಾರ್ಡಿನಲ್ಲಿ ದಾಖಲಾಗಿದೆ. ಅದರ ಕೆಳಗೆ ತಮ್ಮ ಸಹಿಯಿದೆ. 21-7-2025ರಂದು 46,500 ರೂಪಾಯಿಯ ಎಸ್ಟಿಮೇಟ್ ಕೊಟ್ಟು, ಎಂಜಿನ್ ಬಿಚ್ಚಿದ ಮೇಲೆ ಒಳಗೆ ಬೇರೆ ಹಾನಿ ಕಂಡುಬಂದರೆ ಖರ್ಚು ಹೆಚ್ಚಾಗುತ್ತದೆ ಎಂದು ಅದರಲ್ಲೇ ಬರೆದಿದ್ದೆ. ತಾವು ಅಂದೇ 20,000 ರೂಪಾಯಿ ಮುಂಗಡ ಕೊಟ್ಟಿರಿ.

ಎಂಜಿನ್ ಬಿಚ್ಚಿದಾಗ ಎರಡು ಕನೆಕ್ಟಿಂಗ್ ರಾಡ್ ಬಾಗಿದ್ದವು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿನೊಳಗೆ ನೀರು ಹೊಕ್ಕಿರುವಾಗ ಪಿಸ್ಟನ್ ಮೇಲೆದ್ದರೆ ಆ ಬಲವೆಲ್ಲ ರಾಡಿನ ಮೇಲೆ ಬಿದ್ದು ಅದು ಮಣಿಯುತ್ತದೆ. 24-7-2025ರಂದು ಬಾಗಿದ ರಾಡನ್ನು ಉಕ್ಕಿನ ಸ್ಕೇಲಿನ ಪಕ್ಕದಲ್ಲಿಟ್ಟು ತೆಗೆದ ಫೋಟೋವನ್ನೂ, ಹೆಚ್ಚುವರಿ 38,200 ರೂಪಾಯಿಯ ವಿವರವನ್ನೂ ವಾಟ್ಸಾಪಿನಲ್ಲಿ ಕಳುಹಿಸಿದೆ. ಸಂಜೆ 6.40ಕ್ಕೆ ತಾವು "ಸರಿ, ಮಾಡಿ, ಇನ್ಶೂರೆನ್ಸಿನವರ ಹತ್ತಿರ ನಾನು ಮಾತಾಡ್ತೆ" ಎಂದು ಉತ್ತರಿಸಿದಿರಿ. ಹೊಸ ರಾಡುಗಳನ್ನು ತರಿಸಿದ್ದೂ, ಹೆಡ್ಡನ್ನು ಹುಬ್ಬಳ್ಳಿಯ ಲೇತಿಗೆ ಕಳುಹಿಸಿದ್ದೂ ಆ ಮಾತಿನ ನಂತರವೇ. ಹೀಗಿರುವಾಗ ಒಪ್ಪಿಗೆಯಿಲ್ಲದೆ ಬಿಲ್ಲು ಏರಿಸಿದ್ದೇನೆ ಎಂಬ ಆರೋಪಕ್ಕೆ ಆಧಾರವಿಲ್ಲ.

ಬಿಡಿಭಾಗಗಳಿಗೆ 52,300, ಲೇತ್ ಕೆಲಸಕ್ಕೆ 7,400, ಮಜೂರಿ 21,000, ಕ್ರೇನಿಗೆ 4,000, ಹೀಗೆ ಜಿಎಸ್‌ಟಿ ಸೇರಿ ಒಟ್ಟು 84,700 ರೂಪಾಯಿ ಆಗಿದೆ. ಮುಂಗಡ ಕಳೆದು 64,700 ರೂಪಾಯಿ ಬಾಕಿಯಿದೆ. ಎಂಜಿನ್ ಹಾನಿಗೆ ಬೇಕಾದ ಹೆಚ್ಚುವರಿ ರಕ್ಷಣೆ ತಮ್ಮ ಪಾಲಿಸಿಯಲ್ಲಿ ಇಲ್ಲವೆಂದು ವಿಮಾ ಕಂಪನಿಯವರು ಹಣ ಕೊಡದೇ ಇದ್ದದ್ದು ನಿಜವಾಗಿಯೂ ಬೇಸರದ ಸಂಗತಿ. ಆದರೆ ಕೆಲಸ ಒಪ್ಪಿಸಿದವರು ತಾವು. ಕಂಪನಿ ಕೊಟ್ಟರೂ ಕೊಡದಿದ್ದರೂ ನನ್ನ ಬಿಲ್ಲು ತಮ್ಮ ಹೆಸರಿನಲ್ಲೇ ಇರುತ್ತದೆ.

ಇನ್ನು ಕಾರನ್ನು ಇಟ್ಟುಕೊಳ್ಳಲು ನನಗೆ ಯಾವ ಹಕ್ಕಿದೆ ಎಂಬ ಪ್ರಶ್ನೆ. ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ಹಾಕಿ ಕೆಲಸ ಮಾಡಿದವನು, ಬೇರೆ ಕರಾರು ಇಲ್ಲದಿದ್ದಲ್ಲಿ, ಆ ಕೆಲಸದ ತಕ್ಕ ಪ್ರತಿಫಲ ಸಿಗುವವರೆಗೆ ಆ ವಸ್ತುವನ್ನು ತನ್ನಲ್ಲಿ ಉಳಿಸಿಕೊಳ್ಳಬಹುದು ಎಂದು 1872ರ ಭಾರತೀಯ ಕರಾರು ಕಾಯ್ದೆಯ ಕಲಂ 170 ಹೇಳುತ್ತದೆ. ಅಲ್ಲಿ ಕೊಟ್ಟ ಉದಾಹರಣೆಗಳಲ್ಲಿ ವಜ್ರಕ್ಕೆ ಹೊಳಪು ಕೊಟ್ಟ ಆಭರಣದವನಿಗೆ ಈ ಹಕ್ಕಿದೆ. ಕೋಟು ಹೊಲಿದ ಮೇಲೆ ಮೂರು ತಿಂಗಳು ಉದ್ರಿ ಕೊಡುತ್ತೇನೆಂದು ಒಪ್ಪಿದ ದರ್ಜಿಗೆ ಇಲ್ಲ. ನಾನು ಉದ್ರಿ ಒಪ್ಪಿದ್ದೆನೆಂದು ತಾವು ಬರೆದಿರುವುದರಿಂದ ಇದನ್ನು ಹೇಳಬೇಕಾಯಿತು. 11-8-2025ರಂದು "ಚೌತಿಯೊಳಗೆ ದುಡ್ಡು ಹೊಂದಿಸಿ ಗಾಡಿ ಒಯ್ತೆ" ಎಂದು ತಾವು ಹೇಳಿದಿರಿ, ನಾನು ಆಗಲಿ ಎಂದೆ. ದುಡ್ಡು ತಂದು ಗಾಡಿ ಒಯ್ಯುವ ಮಾತು ಅದು. ಗಾಡಿ ಒಯ್ದು ಆಮೇಲೆ ದುಡ್ಡು ಕೊಡುವ ಮಾತಲ್ಲ. ಚೌತಿ ಆಗಸ್ಟ್ 27ಕ್ಕೆ ಕಳೆಯಿತು.

ಈ ಹಕ್ಕಿಗೆ ಮಿತಿಯಿದೆ ಎಂಬುದನ್ನು ನಾನು ಬಲ್ಲೆ, ಅದನ್ನು ಮೀರುವುದಿಲ್ಲ. ಕಳೆದ ವರ್ಷದ ಬ್ಯಾಟರಿಯ ಬಾಬ್ತು 3,150 ರೂಪಾಯಿ ಬಾಕಿ ಇದೆಯಾದರೂ ಆ ಕಾರಣಕ್ಕೆ ಕಾರು ಹಿಡಿದಿಲ್ಲ. ಹಳೆಯ ಲೆಕ್ಕಕ್ಕೂ ಸೇರಿಸಿ ವಸ್ತು ಹಿಡಿದಿಡುವ ಅಧಿಕಾರ ಕಲಂ 171ರಲ್ಲಿ ಬ್ಯಾಂಕಿನಂಥ ಕೆಲವರಿಗಿದೆಯೇ ಹೊರತು, ಪ್ರತ್ಯೇಕ ಕರಾರಿಲ್ಲದೆ ಗ್ಯಾರೇಜಿನವರಿಗಿಲ್ಲ. ಕಾರು ಶೆಡ್ಡಿನಲ್ಲಿ ನಿಂತ ದಿನಗಳಿಗೆ ನಾನು ಬಾಡಿಗೆ ಕೇಳುವುದಿಲ್ಲ. ಕಾರನ್ನು ಮಾರುವ ಅಧಿಕಾರವೂ ಈ ಕಲಮಿನಿಂದ ನನಗಿಲ್ಲ, ಆ ಯೋಚನೆಯೂ ಇಲ್ಲ. ಕ್ರೇನಿನ ಬಾಡಿಗೆ ದುರಸ್ತಿಯ ಭಾಗವಲ್ಲ ಎಂದು ತಮಗೆ ಅನ್ನಿಸಿದರೆ ಆ 4,000 ರೂಪಾಯಿಯನ್ನು ಬೇರೆಯಾಗಿ ಮಾತಾಡೋಣ. 60,700 ರೂಪಾಯಿ ಬಂದ ಕೂಡಲೇ ಕೀಲಿಕೈ ಕೊಡುತ್ತೇನೆ.

ಕಾರನ್ನು ನಾನು ಬಳಸಿದ್ದೇನೆ ಎಂಬುದು ಪೂರ್ತಿ ಸುಳ್ಳು. ಒಳಗೆ ಬಂದಾಗ ಮೀಟರಿನಲ್ಲಿ 61,482 ಕಿ.ಮೀ. ಇತ್ತು, ಇಂದು 61,497 ಇದೆ. ನಡುವಿನ 15 ಕಿ.ಮೀ. ಓಡಿದ್ದು 11-8-2025ರಂದು ಹೆದ್ದಾರಿಯಲ್ಲಿ ಟೆಸ್ಟ್ ಡ್ರೈವ್ ಮಾಡಿದಾಗ. ಅಂದು ಪಕ್ಕದ ಸೀಟಿನಲ್ಲಿ ತಾವೇ ಕುಳಿತಿದ್ದಿರಿ. ಒಪ್ಪಿಸಿಕೊಂಡ ವಸ್ತುವನ್ನು ತನ್ನದೇ ಎಂಬಂತೆ ಜೋಪಾನ ಮಾಡುವ ಹೊಣೆಯೂ ಅದೇ ಕಾಯ್ದೆಯಲ್ಲಿದೆ. ಕರಾವಳಿಯ ಉಪ್ಪುಗಾಳಿಗೆ ಹೊರಗೆ ನಿಂತ ಗಾಡಿ ಬೇಗ ತುಕ್ಕು ಹಿಡಿಯುತ್ತದೆಂದು ಅದನ್ನು ಶೆಡ್ಡಿನ ಒಳಬದಿಯಲ್ಲಿ ನಿಲ್ಲಿಸಿದ್ದೇನೆ. ಬ್ಯಾಟರಿಯ ವಯರ್ ಬಿಚ್ಚಿಟ್ಟು, ವಾರಕ್ಕೊಮ್ಮೆ ಜೋಡಿಸಿ ಹತ್ತು ನಿಮಿಷ ಎಂಜಿನ್ ಓಡಿಸುತ್ತೇವೆ. ಬಾಗಿದ ರಾಡುಗಳು, ಹಳೆಯ ಬೇರಿಂಗ್, ಗ್ಯಾಸ್ಕೆಟ್ ಎಲ್ಲವೂ ತಮ್ಮ ಜಾಬ್ ಕಾರ್ಡ್ ನಂಬರು ಬರೆದ ರಟ್ಟಿನ ಡಬ್ಬಿಯಲ್ಲಿವೆ. ಬೇಕಾದರೆ ಬೇರೆ ಮೆಕ್ಯಾನಿಕ್ ಒಬ್ಬರನ್ನು ಕರೆತಂದು ಅವುಗಳನ್ನೂ ನಾವು ಮಾಡಿದ ಕೆಲಸವನ್ನೂ ತೋರಿಸಬಹುದು.

ಟ್ಯಾಕ್ಸಿಗೆ ಖರ್ಚಾಯಿತೆಂದು ತಾವು ಕೇಳಿರುವ 38,000 ರೂಪಾಯಿಗೆ ನಾನು ಹೊಣೆಯಲ್ಲ. ಕಾರು 9-8-2025ರಂದೇ ತಯಾರಾಗಿತ್ತು, ಅದೇ ದಿನ ತಿಳಿಸಿದ್ದೆ.

ತಮ್ಮ ತಂದೆಯವರನ್ನು ಚಿಕಿತ್ಸೆಗಾಗಿ ಮಣಿಪಾಲಕ್ಕೆ ಕರೆದೊಯ್ಯಬೇಕೆಂದು ತಾವು ಬರೆದಿರುವ ಸಾಲನ್ನು ನಾನು ಎರಡು ಸಲ ಓದಿದೆ. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಹೊರಜಿಲ್ಲೆಗೆ ಹೋಗುವ ಕಷ್ಟ ನನ್ನ ಮನೆಯಲ್ಲೂ ಆಗಿಹೋಗಿದೆ. ಆದರೆ ಬಿಡಿಭಾಗದ ಅಂಗಡಿಯವರಿಗೂ ಲೇತಿನವರಿಗೂ ನಾನು ಹಣ ಕೊಟ್ಟಾಗಿದೆ, ಇಬ್ಬರು ಹುಡುಗರ ಪಗಾರ ತಿಂಗಳು ತಿಂಗಳು ಕೊಡಲೇಬೇಕು. ಆದ್ದರಿಂದ ನನ್ನ ಹಕ್ಕು ಬಿಟ್ಟುಕೊಡದೆ ಒಂದು ದಾರಿ ಸೂಚಿಸುತ್ತೇನೆ: ತಾವು ಈಗ 40,000 ರೂಪಾಯಿ ಕೊಟ್ಟು, ಉಳಿದ 24,700 ರೂಪಾಯಿಗೆ 15-10-2025ರ ತಾರೀಖಿನ ಚೆಕ್ಕನ್ನೂ ಬಾಕಿ ಒಪ್ಪಿಕೊಂಡ ಪತ್ರವನ್ನೂ ಕೊಟ್ಟರೆ ಅದೇ ದಿನ ಕಾರು ಒಯ್ಯಬಹುದು. ಬಿಲ್ಲಿನ ಯಾವುದಾದರೂ ಬಾಬ್ತಿನ ಬಗ್ಗೆ ತಕರಾರಿದ್ದರೆ ಅದನ್ನು ಬರೆದು ತಿಳಿಸಿ. ತಕರಾರು ಉಳಿಸಿಕೊಂಡೇ ಹಣ ಕೊಡುತ್ತಿದ್ದೇನೆಂದು ರಶೀದಿಯ ಮೇಲೆ ತಾವು ಬರೆಯುವುದಕ್ಕೂ ನನ್ನ ಅಡ್ಡಿಯಿಲ್ಲ.

ಇದರ ನಂತರವೂ ತಾವು ಪೊಲೀಸ್ ಠಾಣೆಗೆ ಅಥವಾ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಜಾಬ್ ಕಾರ್ಡ್, ಎಸ್ಟಿಮೇಟ್, ವಾಟ್ಸಾಪ್ ಸಂದೇಶ, ಬಿಡಿಭಾಗಗಳ ಬಿಲ್ಲು ಇವನ್ನೆಲ್ಲ ಅಲ್ಲಿ ಹಾಜರುಪಡಿಸುತ್ತೇನೆ. ಅವುಗಳ ನಕಲುಗಳನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ನಾನು ಗ್ಯಾರೇಜಿನಲ್ಲೇ ಇರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ಗ್ಯಾರೇಜಿನ ಮಾಲಕ, ಕುಮಟಾ